ನೆಟ್‌ವರ್ಕ್ ನಕ್ಷೆಯಲ್ಲಿ ಪ್ಯಾಕೆಟ್‌ನ ದಾರಿ ಹುಡುಕುವುದು ಹೇಗೆ

ನೆಟ್‌ವರ್ಕ್ ನಕ್ಷೆಯನ್ನು ಮೊದಲ ಸಲ ಕೈಗೆತ್ತಿಕೊಂಡವರಲ್ಲಿ ಹೆಚ್ಚಿನವರು ಒಂದೇ ಕಡೆ ಎಡವುತ್ತಾರೆ. ಎರಡು ಪೆಟ್ಟಿಗೆಗಳ ನಡುವೆ ಗೆರೆ ಕಂಡರೆ ಮಾಹಿತಿ ಆ ಗೆರೆಯ ಮೇಲೆಯೇ ಹೋಗುತ್ತದೆ ಎಂದು ಭಾವಿಸುತ್ತಾರೆ. ಗೆರೆ ಹೇಳುವುದು ಅಲ್ಲಿ ಕೇಬಲ್ ಇದೆ ಎಂಬ ಒಂದೇ ಮಾತನ್ನು. ಆ ಕೇಬಲ್ ಮೇಲೆ ಏನು ಹರಿಯುತ್ತದೆ, ಹರಿಯುತ್ತದೆಯೇ ಇಲ್ಲವೇ ಎಂಬುದನ್ನು ತಿಳಿಯಲು ಬೇರೆ ಮೂರು ಸಂಗತಿಗಳನ್ನು ಓದಬೇಕು: ಯಾವ ಸಬ್‌ನೆಟ್ ಎಲ್ಲಿ ಮುಗಿಯುತ್ತದೆ, ಅದರ ಗೇಟ್‌ವೇ ಯಾವ ಯಂತ್ರದಲ್ಲಿದೆ, ಆ ಯಂತ್ರದ ರೂಟಿಂಗ್ ಟೇಬಲ್ ಯಾವ ಕಡೆಗೆ ಕೈ ತೋರಿಸುತ್ತದೆ. ಈ ಮೂರೂ ಸಿಕ್ಕರೆ ನಕ್ಷೆಯ ಮೇಲೆ ಬೆರಳಿಟ್ಟು ಪ್ಯಾಕೆಟ್‌ನ ಜೊತೆ ನಡೆಯಬಹುದು.

ಇಲ್ಲಿ ಒಂದೇ ನಕ್ಷೆಯನ್ನು ಇಟ್ಟುಕೊಂಡು ಕೊನೆಯವರೆಗೆ ಅದರಲ್ಲೇ ನಡೆಯೋಣ. ಒಂದು ಮುಖ್ಯ ಕಚೇರಿ, ಒಂದು ಶಾಖೆ, ಒಂದು ಇಂಟರ್ನೆಟ್ ಸಂಪರ್ಕ. ಚಿಕ್ಕದಾದರೂ ದೊಡ್ಡ ನಕ್ಷೆಗಳಲ್ಲಿ ತಲೆಕೆಡಿಸುವ ಬಹುತೇಕ ವಿಷಯಗಳು ಇದರಲ್ಲಿಯೇ ಇವೆ.

```
          (Internet)
              |
              | 203.0.113.2
            [FW1]
              | 10.20.0.1
              |      10.20.0.0/30
              | 10.20.0.2
            [CS1]--10.20.0.4/30--[R1]
            /   \                  |
           /     \            10.20.0.8/30
        [AS1]---[AS2]              |
          |       |              [R2]
         PC1   PC2, SRV            |
                             10.20.40.0/24

VLAN 10  10.20.10.0/24   GW 10.20.10.1
VLAN 20  10.20.20.0/24   GW 10.20.20.1
VLAN 30  10.20.30.64/26  GW 10.20.30.65
```

`FW1` ಫೈರ್‌ವಾಲ್. `CS1` ಮಧ್ಯದ ದೊಡ್ಡ ಸ್ವಿಚ್. `AS1`, `AS2` ಬಳಕೆದಾರರ ಕಂಪ್ಯೂಟರ್‌ಗಳು ನೇರವಾಗಿ ಸೇರುವ ಸ್ವಿಚ್‌ಗಳು. `R1` ಮುಖ್ಯ ಕಚೇರಿಯ ರೂಟರ್, `R2` ಶಾಖೆಯದು. `PC1` ಮತ್ತು `PC2` ಎರಡೂ ವಿಲ್ಯಾನ್ 10ರಲ್ಲಿವೆ, `SRV` ಎಂಬ ಸರ್ವರ್ ವಿಲ್ಯಾನ್ 20ರಲ್ಲಿದೆ. ವಿಲ್ಯಾನ್ ಎಂದರೆ ಅವೇ ಸ್ವಿಚ್‌ಗಳನ್ನು ಹಂಚಿಕೊಂಡರೂ ಬೇರೆಯಾಗಿಯೇ ಉಳಿಯುವ ಜಾಲ, ಇಲ್ಲಿ ಪ್ರತಿಯೊಂದಕ್ಕೂ ಒಂದು ಸಬ್‌ನೆಟ್.

## 1. ಇದು ಯಾವ ಬಗೆಯ ನಕ್ಷೆ ಎಂದು ಮೊದಲು ನೋಡಿ

ನೆಟ್‌ವರ್ಕ್ ನಕ್ಷೆಗಳಲ್ಲಿ ಎರಡು ಬಗೆ. ಭೌತಿಕ ನಕ್ಷೆಯಲ್ಲಿ ಕೇಬಲ್‌ಗಳು, ಪೋರ್ಟ್ ಸಂಖ್ಯೆಗಳು, ಯಾವ ಕೋಣೆಯ ಯಾವ ರ‍್ಯಾಕ್‌ನಲ್ಲಿ ಯಾವ ಯಂತ್ರ ಎಂಬ ವಿವರಗಳು ಇರುತ್ತವೆ. ತಾರ್ಕಿಕ ನಕ್ಷೆಯಲ್ಲಿ ಸಬ್‌ನೆಟ್‌ಗಳು, ಐಪಿ ವಿಳಾಸಗಳು, ರೂಟಿಂಗ್ ಇರುತ್ತವೆ. ತಾರ್ಕಿಕ ನಕ್ಷೆಯಲ್ಲಿ `AS1`, `AS2` ಸ್ವಿಚ್‌ಗಳನ್ನು ತೋರಿಸದೆಯೇ ಬಿಟ್ಟಿರಬಹುದು, ಏಕೆಂದರೆ ಐಪಿಯ ಕಣ್ಣಿಗೆ ಅವು ಕಾಣಿಸುವುದೇ ಇಲ್ಲ. ಭೌತಿಕ ನಕ್ಷೆಯಲ್ಲಿ ಸಬ್‌ನೆಟ್‌ಗಳ ಸುಳಿವೇ ಇಲ್ಲದಿರಬಹುದು.

ಮೇಲಿನ ನಕ್ಷೆ ಎರಡನ್ನೂ ಬೆರೆಸಿದ್ದು. ಕೆಲಸದ ಸ್ಥಳದಲ್ಲಿ ಸಿಗುವ ನಕ್ಷೆಗಳು ಸಾಮಾನ್ಯವಾಗಿ ಹೀಗೆಯೇ ಇರುತ್ತವೆ. ಹಾಗಾಗಿ ಪ್ರತಿ ಗೆರೆಯನ್ನು ಕಂಡಾಗಲೂ ಇದು ಒಂದು ಕೇಬಲ್ಲೋ ಅಥವಾ ಒಂದು ಸಬ್‌ನೆಟ್ಟೋ ಎಂದು ಕೇಳಿಕೊಳ್ಳಿ. `FW1` ಮತ್ತು `CS1` ನಡುವಿನ ಗೆರೆ ಎರಡೂ ಹೌದು: ಒಂದು ಕೇಬಲ್, ಅದರ ಮೇಲೆ ಒಂದೇ ಸಬ್‌ನೆಟ್. `CS1` ಮತ್ತು `AS1` ನಡುವಿನ ಗೆರೆ ಒಂದೇ ಕೇಬಲ್, ಆದರೆ ಅದರ ಮೇಲೆ ಹಲವು ಸಬ್‌ನೆಟ್‌ಗಳು ಸಾಗುತ್ತವೆ. ಗೆರೆಗಳು ನೋಡಲು ಒಂದೇ ಥರ, ಸ್ವಭಾವ ಮಾತ್ರ ಬೇರೆ.

ನಕ್ಷೆಯ ಮೂಲೆಯಲ್ಲಿ ದಿನಾಂಕ ಇದೆಯೇ ಎಂದೂ ನೋಡಿ. ಇಲ್ಲದಿದ್ದರೆ ಅದರ ಮಾತನ್ನು ಅರ್ಧ ನಂಬಿ, ಉಳಿದರ್ಧವನ್ನು ಕೊನೆಯ ಹಂತದಲ್ಲಿ ಹೇಳುವಂತೆ ಪರೀಕ್ಷಿಸಿ.

## 2. ಚಿಹ್ನೆಗಳು

ಇದನ್ನು ಬೇಗ ಮುಗಿಸಬಹುದು. ನಾಲ್ಕು ಬಾಣಗಳಿರುವ ವೃತ್ತ ರೂಟರ್. ಬಾಣಗಳಿರುವ ಚೌಕ ಸ್ವಿಚ್. ಚೌಕದ ನಡುವಿನಿಂದ ಎಲ್ಲ ದಿಕ್ಕುಗಳಿಗೂ ಬಾಣಗಳು ಚಿಮ್ಮುತ್ತಿದ್ದರೆ ಅದು ರೂಟಿಂಗ್ ಕೂಡ ಮಾಡಬಲ್ಲ ಸ್ವಿಚ್, ಅಂದರೆ ಮೂರನೇ ಪದರದ ಸ್ವಿಚ್. ಇಟ್ಟಿಗೆ ಗೋಡೆ ಫೈರ್‌ವಾಲ್. ಮೋಡವೆಂದರೆ ನಕ್ಷೆ ಬರೆದವರ ಹಿಡಿತದಲ್ಲಿ ಇಲ್ಲದ ಜಾಲ. ಹಲವು ಗೆರೆಗಳನ್ನು ಸುತ್ತುವರಿದ ಅಂಡಾಕಾರ ಕಂಡರೆ, ಆ ಕೇಬಲ್‌ಗಳನ್ನೆಲ್ಲ ಸೇರಿಸಿ ಒಂದೇ ಸಂಪರ್ಕವಾಗಿ ಬಳಸಲಾಗಿದೆ ಎಂದು ಅರ್ಥ.

ಇವುಗಳಲ್ಲಿ ಗಮನವಿಟ್ಟು ನೋಡಬೇಕಾದದ್ದು ಒಂದೇ: ಸಾದಾ ಸ್ವಿಚ್ಚೋ, ಮೂರನೇ ಪದರದ ಸ್ವಿಚ್ಚೋ ಎಂಬುದು. ನಮ್ಮ ನಕ್ಷೆಯಂತೆ ಬರೀ ಪೆಟ್ಟಿಗೆಗಳಿದ್ದರೆ ಚಿಹ್ನೆಯಿಂದ ಇದು ಗೊತ್ತಾಗುವುದಿಲ್ಲ. ಆಗ ಐಪಿ ವಿಳಾಸಗಳೇ ಸಾಕ್ಷಿ. `CS1` ಪಕ್ಕದಲ್ಲಿ 10.20.0.2 ಎಂಬ ವಿಳಾಸವಿದೆ, ಫೈರ್‌ವಾಲ್ ಕಡೆಗಿನ ಪೋರ್ಟ್ ಒಂದು ಪುಟ್ಟ ಸಬ್‌ನೆಟ್‌ಗೆ ಸೇರಿದೆ. ಅಂದರೆ `CS1` ಇಲ್ಲಿ ರೂಟರ್‌ನ ಕೆಲಸವನ್ನೂ ಮಾಡುತ್ತಿದೆ. `AS1`, `AS2` ಪಕ್ಕದಲ್ಲಿ ಅಂಥ ವಿಳಾಸವಿಲ್ಲ. ಒಂದು ಎಚ್ಚರಿಕೆ: ಸಾದಾ ಸ್ವಿಚ್‌ಗೂ ಅದನ್ನು ದೂರದಿಂದ ನಿರ್ವಹಿಸಲೆಂದು ಒಂದು ಐಪಿ ವಿಳಾಸ ಕೊಟ್ಟಿರುತ್ತಾರೆ. ಒಂದೇ ವಿಳಾಸವಿದ್ದರೆ ಅದು ನಿರ್ವಹಣೆಯದ್ದಿರಬಹುದು. ಬೇರೆ ಬೇರೆ ಸಬ್‌ನೆಟ್‌ಗಳ ಎರಡು ಅಥವಾ ಹೆಚ್ಚು ವಿಳಾಸಗಳಿದ್ದರೆ ರೂಟಿಂಗ್ ನಡೆಯುತ್ತಿದೆ ಎಂದು ಬಹುಮಟ್ಟಿಗೆ ಹೇಳಬಹುದು.

## 3. ಸಬ್‌ನೆಟ್‌ಗಳ ಗಡಿ ಗುರುತಿಸಿ

ಇಲ್ಲಿ ಒಂದು ಬಣ್ಣದ ಪೆನ್ಸಿಲ್ ತೆಗೆದುಕೊಳ್ಳಿ. ಪ್ರತಿ ಸಬ್‌ನೆಟ್‌ಗೂ ಒಂದು ಬಣ್ಣ ಕೊಟ್ಟು, ಆ ಸಬ್‌ನೆಟ್ ಎಲ್ಲಿಂದ ಎಲ್ಲಿಯವರೆಗೆ ಹರಡಿದೆಯೋ ಅಲ್ಲೆಲ್ಲ ಬಳಿಯಿರಿ. ನಾನು ಇಂದಿಗೂ ಹೊಸ ನಕ್ಷೆ ಸಿಕ್ಕಾಗ ಮೊದಲು ಮಾಡುವ ಕೆಲಸ ಇದೇ.

ಓರೆಗೆರೆಯ ನಂತರದ ಸಂಖ್ಯೆಯೇ ಸಬ್‌ನೆಟ್‌ನ ಗಾತ್ರ. 32 ಬಿಟ್‌ಗಳ ವಿಳಾಸದಲ್ಲಿ ಎಷ್ಟು ಬಿಟ್‌ಗಳು ಸಬ್‌ನೆಟ್‌ನ ಹೆಸರಿಗೆ ಮೀಸಲು ಎಂದು ಅದು ಹೇಳುತ್ತದೆ, ಉಳಿದವು ಒಳಗಿನ ಯಂತ್ರಗಳಿಗೆ. /24 ಎಂದರೆ ಉಳಿದದ್ದು 8 ಬಿಟ್, 256 ವಿಳಾಸ. /30 ಎಂದರೆ 2 ಬಿಟ್, 4 ವಿಳಾಸ. ಪ್ರತಿ ಸಬ್‌ನೆಟ್‌ನ ಮೊದಲ ವಿಳಾಸ ಸಬ್‌ನೆಟ್‌ನ ಹೆಸರಾಗಿಯೂ ಕೊನೆಯದು ಬ್ರಾಡ್‌ಕಾಸ್ಟ್‌ಗೂ ಹೋಗುವುದರಿಂದ /30ರಲ್ಲಿ ಬಳಕೆಗೆ ಎರಡೇ ಉಳಿಯುತ್ತವೆ. ಎರಡು ಯಂತ್ರಗಳ ನಡುವಿನ ಗೆರೆಗೆ ಅದು ಹೇಳಿ ಮಾಡಿಸಿದಂತಿದೆ. ನಕ್ಷೆಯಲ್ಲಿ /30 ಅಥವಾ /31 ಕಂಡರೆ ಅಲ್ಲಿ ಬಳಕೆದಾರರಿಲ್ಲ, ರೂಟಿಂಗ್ ಮಾಡುವ ಎರಡು ಯಂತ್ರಗಳು ಮುಖಾಮುಖಿಯಾಗಿವೆ ಎಂದು ಲೆಕ್ಕ ಕೇಳದೆಯೇ ಹೇಳಬಹುದು. ನಮ್ಮ ನಕ್ಷೆಯಲ್ಲಿ ಅಂಥವು ಮೂರು: 10.20.0.0, 10.20.0.4, 10.20.0.8. ಎರಡನೆಯದರಲ್ಲಿ `CS1`ಗೆ .5, `R1`ಗೆ .6. ಮೂರನೆಯದರಲ್ಲಿ `R1`ಗೆ .9, `R2`ಗೆ .10.

ವಿಲ್ಯಾನ್ 30ರ 10.20.30.64/26 ಸ್ವಲ್ಪ ನಿಂತು ನೋಡಬೇಕಾದದ್ದು. ಇಲ್ಲಿ 6 ಬಿಟ್ ಉಳಿದಿವೆ, ಅಂದರೆ 64 ವಿಳಾಸ. ಆದ್ದರಿಂದ ಕೊನೆಯ ಸಂಖ್ಯೆ 0, 64, 128, 192ರಲ್ಲಿ ಹೊಸ ಸಬ್‌ನೆಟ್ ಶುರುವಾಗುತ್ತದೆ. ನಮ್ಮದು 64ರಿಂದ 127ರವರೆಗೆ, ಯಂತ್ರಗಳಿಗೆ ಸಿಗುವುದು 65ರಿಂದ 126. ಗೇಟ್‌ವೇ .1 ಅಲ್ಲದೆ .65 ಆಗಿರುವುದಕ್ಕೆ ಇದೇ ಕಾರಣ. ಯಾರಾದರೂ ನಕ್ಷೆಯಲ್ಲಿ ಈ ವಿಲ್ಯಾನ್‌ನ ಪ್ರಿಂಟರ್‌ಗೆ 10.20.30.130 ಎಂದು ಬರೆದಿದ್ದರೆ, ನಕ್ಷೆ ತಪ್ಪು ಅಥವಾ ಪ್ರಿಂಟರ್ ಕೆಲಸ ಮಾಡುತ್ತಿಲ್ಲ. ಮೂರನೆಯ ಸಾಧ್ಯತೆ ಇಲ್ಲ.

ಬಣ್ಣ ಬಳಿಯುವಾಗ ಒಂದೇ ನಿಯಮ: ಸ್ವಿಚ್ ಬಂದರೆ ಬಣ್ಣ ದಾಟುತ್ತದೆ, ರೂಟಿಂಗ್ ಮಾಡುವ ಯಂತ್ರ ಬಂದರೆ ಬಣ್ಣ ನಿಲ್ಲುತ್ತದೆ. ಹೀಗೆ ಬಳಿದರೆ ವಿಲ್ಯಾನ್ 10ರ ಬಣ್ಣ `AS1`, `AS2`, ಅವುಗಳ ನಡುವಿನ ಗೆರೆ, ಎರಡರಿಂದಲೂ `CS1`ಗೆ ಹೋಗುವ ಗೆರೆಗಳು, ಇಷ್ಟನ್ನೂ ತುಂಬಿ `CS1` ಬಳಿ ನಿಲ್ಲುತ್ತದೆ. ವಿಲ್ಯಾನ್ 20ರ ಬಣ್ಣವೂ ಅವೇ ಕೇಬಲ್‌ಗಳ ಮೇಲೆ ಬರುತ್ತದೆ. ಒಂದೇ ಗೆರೆಯ ಮೇಲೆ ಎರಡು ಮೂರು ಬಣ್ಣ ಬಿದ್ದ ಜಾಗವೇ ಟ್ರಂಕ್. ಅಲ್ಲಿ ಪ್ರತಿ ಫ್ರೇಮ್‌ಗೂ 802.1Q ಮಾನಕದಂತೆ ವಿಲ್ಯಾನ್ ಸಂಖ್ಯೆಯ ಚೀಟಿ ಅಂಟಿರುತ್ತದೆ, ಅದರಿಂದಲೇ ಆಚೆಯ ಸ್ವಿಚ್ ಅದು ಯಾರದೆಂದು ಗುರುತಿಸುತ್ತದೆ.

## 4. ಪ್ರತಿ ಸಬ್‌ನೆಟ್‌ನ ಗೇಟ್‌ವೇ ಯಾವ ಯಂತ್ರದಲ್ಲಿದೆ?

ಇಡೀ ಓದಿನಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದು, ಅತಿ ಹೆಚ್ಚು ಜನ ಹಾರಿಬಿಡುವುದೂ ಇದನ್ನೇ. ಒಂದು ಕಂಪ್ಯೂಟರ್ ತನ್ನ ಸಬ್‌ನೆಟ್‌ನಿಂದ ಹೊರಗಿನ ಯಾರಿಗೆ ಏನು ಕಳುಹಿಸಿದರೂ ಅದು ಮೊದಲು ಹೋಗುವುದು ಗೇಟ್‌ವೇಗೆ. ಎದುರಿನ ಯಂತ್ರ ಅದೇ ಸ್ವಿಚ್‌ನ ಪಕ್ಕದ ಪೋರ್ಟ್‌ನಲ್ಲಿದ್ದರೂ ಅಷ್ಟೇ.

ನಕ್ಷೆಯ ಕೆಳಗೆ 10.20.10.1 ಎಂದು ಬರೆದಿದೆ, ಆದರೆ ಅದು ಯಾವ ಪೆಟ್ಟಿಗೆಯಲ್ಲಿದೆ ಎಂದು ಬರೆದಿಲ್ಲ. ಅಭ್ಯರ್ಥಿಗಳು ಎರಡು: `CS1` ಅಥವಾ `FW1`. ಇದನ್ನು ತೀರ್ಮಾನಿಸಲು `FW1` ಮತ್ತು `CS1` ನಡುವಿನ ಗೆರೆ ನೋಡಿ. ಅದು /30 ಸಬ್‌ನೆಟ್. ವಿಲ್ಯಾನ್ 10ರ ಬಣ್ಣ ಆ ಗೆರೆಯನ್ನು ದಾಟಿ ಫೈರ್‌ವಾಲ್ ಮುಟ್ಟುವುದಿಲ್ಲ. ಆದ್ದರಿಂದ ಗೇಟ್‌ವೇ `CS1`ನಲ್ಲಿಯೇ ಇರಬೇಕು. ಸ್ವಿಚ್‌ನ ಒಳಗೆ ಆ ವಿಲ್ಯಾನ್‌ಗೆಂದೇ ರಚಿಸಿದ ಇಂಟರ್‌ಫೇಸ್ ಅದು, ಹೊರಗಿನಿಂದ ಕಾಣುವ ಯಾವ ಪೋರ್ಟ್ ಕೂಡ ಅಲ್ಲ.

ಒಂದು ವೇಳೆ `FW1` ಮತ್ತು `CS1` ನಡುವಿನ ಗೆರೆ ಟ್ರಂಕ್ ಆಗಿದ್ದು, ಫೈರ್‌ವಾಲ್ ಪಕ್ಕದಲ್ಲಿ `Gi0/0.10`, `Gi0/0.20` ಎಂಬ ಚುಕ್ಕೆಯ ಹೆಸರುಗಳಿದ್ದರೆ ಚಿತ್ರವೇ ಬದಲಾಗುತ್ತಿತ್ತು. ಆಗ ಗೇಟ್‌ವೇಗಳು ಫೈರ್‌ವಾಲ್‌ನಲ್ಲಿ ಇರುತ್ತಿದ್ದವು. ಸಿಬ್ಬಂದಿಯಿಂದ ಸರ್ವರ್‌ಗೆ ಹೋಗುವ ಪ್ರತಿ ಪ್ಯಾಕೆಟ್ ಒಂದೇ ಕೇಬಲ್‌ನಲ್ಲಿ ಮೇಲೆ ಹೋಗಿ ಅದೇ ಕೇಬಲ್‌ನಲ್ಲಿ ಕೆಳಗೆ ಬರುತ್ತಿತ್ತು. ಆ ಕೇಬಲ್ 1 ಗಿಗಾಬಿಟ್‌ನದಾದರೆ, ವಿಲ್ಯಾನ್‌ಗಳ ನಡುವಿನ ಇಡೀ ಸಂಚಾರಕ್ಕೆ ಅದೇ ಮಿತಿ. ಅದಕ್ಕೆ ಪ್ರತಿಯಾಗಿ ಫೈರ್‌ವಾಲ್ ಪ್ರತಿಯೊಂದನ್ನೂ ಪರೀಕ್ಷಿಸಬಲ್ಲದು. ನಮ್ಮ ನಕ್ಷೆಯಲ್ಲಿ ಅದಿಲ್ಲ: `CS1`ನಲ್ಲಿಯೇ ತಡೆ ನಿಯಮ ಹಾಕದಿದ್ದರೆ ಸಿಬ್ಬಂದಿಯ ಕಂಪ್ಯೂಟರ್‌ನಿಂದ ಸರ್ವರ್‌ಗೆ ಹೋಗುವುದನ್ನು ಫೈರ್‌ವಾಲ್ ನೋಡುವುದೇ ಇಲ್ಲ. ಗೋಡೆಯ ಚಿತ್ರವಿದ್ದ ಮಾತ್ರಕ್ಕೆ ಎಲ್ಲವೂ ಅದರ ಕಣ್ಣಳತೆಯಲ್ಲಿದೆ ಎಂದು ನಂಬಿದವರನ್ನು ನಾನು ಹಲವು ಸಲ ಕಂಡಿದ್ದೇನೆ. ಗೇಟ್‌ವೇ ಎಲ್ಲಿದೆ ಎಂದು ಒಮ್ಮೆ ಕೇಳಿದ್ದರೆ ಆ ಭ್ರಮೆ ಕಳೆಯುತ್ತಿತ್ತು.

## 5. ಮೊದಲ ನಡಿಗೆ: ಒಂದೇ ಸಬ್‌ನೆಟ್‌ನೊಳಗೆ

`PC1` ವಿಳಾಸ 10.20.10.25, `AS1`ನಲ್ಲಿದೆ. `PC2` ವಿಳಾಸ 10.20.10.40, `AS2`ನಲ್ಲಿದೆ. ಎರಡೂ ಒಂದೇ ಸಬ್‌ನೆಟ್. ಹಾಗಾಗಿ ಗೇಟ್‌ವೇ ಬೇಕಿಲ್ಲ, `PC1` ನೇರವಾಗಿ `PC2`ವಿನ ಮ್ಯಾಕ್ ವಿಳಾಸ ಕೇಳಿ ಪಡೆದು ಫ್ರೇಮ್ ಕಳುಹಿಸುತ್ತದೆ. ನಕ್ಷೆಯಲ್ಲಿ `AS1`ನಿಂದ `AS2`ಗೆ ನೇರ ಗೆರೆಯೂ ಇದೆ. ಫ್ರೇಮ್ ಆ ದಾರಿಯಲ್ಲೇ ಹೋಗುತ್ತದೆ ಅಲ್ಲವೇ?

ಬಹುಶಃ ಇಲ್ಲ. `CS1`, `AS1`, `AS2` ಮೂರೂ ಸೇರಿ ತ್ರಿಕೋನವಾಗಿವೆ. ಸ್ವಿಚ್‌ಗಳ ಜಾಲದಲ್ಲಿ ವೃತ್ತವಿದ್ದರೆ ಒಂದು ಬ್ರಾಡ್‌ಕಾಸ್ಟ್ ಫ್ರೇಮ್ ಕೊನೆಯಿಲ್ಲದೆ ಸುತ್ತುತ್ತದೆ. ಐಪಿ ಪ್ಯಾಕೆಟ್‌ಗೆ ಇರುವಂತೆ ಈಥರ್ನೆಟ್ ಫ್ರೇಮ್‌ಗೆ ಆಯಸ್ಸಿನ ಎಣಿಕೆ ಇಲ್ಲ. ಇದನ್ನು ತಡೆಯಲು 1985ರಲ್ಲಿ ರೇಡಿಯಾ ಪರ್ಲ್‌ಮನ್ ರೂಪಿಸಿದ್ದೇ ಸ್ಪ್ಯಾನಿಂಗ್ ಟ್ರೀ. ಸ್ವಿಚ್‌ಗಳು ತಮ್ಮಲ್ಲೊಂದನ್ನು ಬೇರು ಎಂದು ಆರಿಸಿ, ಪ್ರತಿ ಸ್ವಿಚ್‌ಗೂ ಬೇರಿನ ಕಡೆಗೆ ಒಂದೇ ದಾರಿ ಉಳಿಯುವಂತೆ ಹೆಚ್ಚುವರಿ ಗೆರೆಗಳ ಒಂದು ತುದಿಯನ್ನು ಮುಚ್ಚುತ್ತವೆ. ಕೇಬಲ್ ಇರುತ್ತದೆ, ದೀಪ ಮಿನುಗುತ್ತದೆ, ಮಾಹಿತಿ ಮಾತ್ರ ಹಾದುಹೋಗುವುದಿಲ್ಲ.

ಯಾವ ಗೆರೆ ಮುಚ್ಚುತ್ತದೆ ಎಂದು ನಕ್ಷೆಯಿಂದಲೇ ಊಹಿಸಬಹುದು, ಬೇರು ಯಾವುದೆಂದು ಗೊತ್ತಿದ್ದರೆ. `CS1` ಬೇರಾಗಿದ್ದು ಮೂರೂ ಕೇಬಲ್‌ಗಳು ಒಂದೇ ವೇಗದವಾದರೆ, `AS1` ಮತ್ತು `AS2` ಎರಡಕ್ಕೂ ಬೇರಿಗೆ ನೇರ ದಾರಿಯಿದೆ. ಹಾಗಾಗಿ ಅವುಗಳ ನಡುವಿನ ಅಡ್ಡಗೆರೆಯೇ ಹೆಚ್ಚುವರಿ. `PC1`ನ ಫ್ರೇಮ್ `AS1`ನಿಂದ `CS1`ಗೆ ಏರಿ, ಅಲ್ಲಿಂದ `AS2`ಗೆ ಇಳಿದು `PC2` ಸೇರುತ್ತದೆ. `CS1` ಇಲ್ಲಿ ರೂಟಿಂಗ್ ಮಾಡುವುದಿಲ್ಲ, ಸ್ವಿಚ್ ಆಗಿ ದಾಟಿಸುತ್ತದೆ ಅಷ್ಟೆ. ಪರೀಕ್ಷೆ ಹೀಗೆ:

```
AS2# show spanning-tree vlan 10
Interface   Role Sts Cost
Gi1/0/23    Altn BLK 4
Gi1/0/24    Root FWD 4
```

`Gi1/0/23` ಎಂಬುದು `AS1` ಕಡೆಗಿನ ಪೋರ್ಟ್. `BLK` ಎಂದರೆ ಮುಚ್ಚಿದೆ. 1 ಗಿಗಾಬಿಟ್ ಕೇಬಲ್‌ನ ವೆಚ್ಚ 4 ಎಂದು ಎಣಿಸುವುದು ಈ ಲೆಕ್ಕದ ಹಳೆಯ ಕ್ರಮ.

ಈಗ ತೊಂದರೆಯ ಕಡೆ ನೋಡೋಣ. ಬೇರನ್ನು ಆರಿಸುವಾಗ ಸ್ವಿಚ್‌ಗಳು ಮೊದಲು ಆದ್ಯತೆಯ ಸಂಖ್ಯೆಯನ್ನು ಹೋಲಿಸುತ್ತವೆ, ಅದು ಸಮವಾದರೆ ಮ್ಯಾಕ್ ವಿಳಾಸವನ್ನು. ಎರಡರಲ್ಲೂ ಚಿಕ್ಕದ್ದೇ ಗೆಲ್ಲುತ್ತದೆ. ಯಾರೂ ಮುಟ್ಟದಿದ್ದರೆ ಎಲ್ಲ ಸ್ವಿಚ್‌ಗಳ ಆದ್ಯತೆಯೂ 32768. ಆಗ ಮ್ಯಾಕ್ ವಿಳಾಸವೇ ತೀರ್ಮಾನಿಸುತ್ತದೆ, ಹಾಗೂ ಹಳೆಯ ಸ್ವಿಚ್‌ಗಳ ಮ್ಯಾಕ್ ವಿಳಾಸ ಅನೇಕ ವೇಳೆ ಚಿಕ್ಕದಾಗಿರುತ್ತದೆ. ನಾನು ಕೆಲಸ ಮಾಡಿದ ಒಂದು ಕಡೆ ಇದೇ ಆಯಿತು. ಕೆಟ್ಟುಹೋದ ಒಂದು ಸ್ವಿಚ್‌ನ ಜಾಗಕ್ಕೆ ಗೋದಾಮಿನಿಂದ ಹಳೆಯದೊಂದನ್ನು ತಂದು ಜೋಡಿಸಿದರು. ನಕ್ಷೆಯಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಆದರೆ ಮರುದಿನದಿಂದ ಪಕ್ಕದ ಮಹಡಿಯವರಿಗೆ ಎಲ್ಲವೂ ನಿಧಾನ.

ನಮ್ಮ ನಕ್ಷೆಯಲ್ಲಿ ಅದನ್ನು ಇಟ್ಟು ನೋಡಿ. `AS2` ಬೇರಾದರೆ, `AS1`ಗೆ ಬೇರಿನ ಕಡೆಗಿನ ಹತ್ತಿರದ ದಾರಿ ಅಡ್ಡಗೆರೆ. `CS1`ಗೂ ಬೇರಿಗೆ ನೇರ ದಾರಿಯಿದೆ. ಈಗ ಹೆಚ್ಚುವರಿಯಾದದ್ದು `AS1` ಮತ್ತು `CS1` ನಡುವಿನ ಗೆರೆ. ಅದರ ಒಂದು ತುದಿ ಮುಚ್ಚುತ್ತದೆ. `AS1`ನ ಬಳಕೆದಾರರು ಗೇಟ್‌ವೇ ತಲುಪಲು `AS2`ವನ್ನು ಬಳಸಿ ಹೋಗಬೇಕು. `AS2`ನಿಂದ `CS1`ಗೆ ಹೋಗುವ ಒಂದೇ ಕೇಬಲ್ ಎರಡೂ ಸ್ವಿಚ್‌ಗಳ ಭಾರ ಹೊರುತ್ತದೆ, ಅತ್ತ `AS1`ನ ನೇರ ಕೇಬಲ್‌ನಲ್ಲಿ ಸಂಚಾರವೇ ಇರುವುದಿಲ್ಲ. ಪೋರ್ಟ್‌ಗಳ ಎಣಿಕೆ ನೋಡಿದರೆ ಇದು ಒಡನೆಯೇ ಕಾಣುತ್ತದೆ. ಪರಿಹಾರ ಸರಳ: `CS1`ಗೆ ಕಡಿಮೆ ಆದ್ಯತೆ ಸಂಖ್ಯೆ ಕೊಟ್ಟು ಅದನ್ನೇ ಬೇರಾಗಿ ನಿಲ್ಲಿಸಬೇಕು.

```
CS1(config)# spanning-tree vlan 10,20,30 priority 4096
```

ಇದನ್ನು ಕೆಲಸದ ಸಮಯದಲ್ಲಿ ಮಾಡಬೇಡಿ. ಬೇರು ಬದಲಾದಾಗ ದಾರಿಗಳು ಹೊಸದಾಗಿ ತೆರೆದುಕೊಳ್ಳಬೇಕು. ಮೂಲ ಸ್ಪ್ಯಾನಿಂಗ್ ಟ್ರೀಯಲ್ಲಿ ಅದಕ್ಕೆ 30 ಸೆಕೆಂಡು ಅಥವಾ ಇನ್ನೂ ಹೆಚ್ಚು ಹಿಡಿಯಬಹುದು, ಅಷ್ಟು ಹೊತ್ತು ಸಂಪರ್ಕ ಕಡಿದಿರುತ್ತದೆ. ಮುಗಿದ ಮೇಲೆ ನಕ್ಷೆಯಲ್ಲಿ `CS1` ಪಕ್ಕದಲ್ಲಿ "ಬೇರು" ಎಂದು ಬರೆದು, ಅಡ್ಡಗೆರೆಯನ್ನು ಚುಕ್ಕೆಗೆರೆಯಾಗಿಸಿ. ಮುಂದೆ ನೋಡುವವರಿಗೆ ಅದು ಇಡೀ ಕಥೆ ಹೇಳುತ್ತದೆ.

## 6. ಎರಡನೇ ನಡಿಗೆ: ಒಂದು ಸಬ್‌ನೆಟ್‌ನಿಂದ ಇನ್ನೊಂದಕ್ಕೆ

`PC1` ಈಗ 10.20.20.10ರಲ್ಲಿರುವ `SRV` ಸರ್ವರ್‌ಗೆ ಹೋಗಬೇಕು. ಅದು ತನ್ನ ಮಾಸ್ಕ್‌ನೊಂದಿಗೆ ಹೋಲಿಸಿ ನೋಡುತ್ತದೆ: 10.20.20 ತನ್ನ 10.20.10 ಅಲ್ಲ. ಹಾಗಾದರೆ ಗೇಟ್‌ವೇಗೆ ಕೊಡಬೇಕು. 10.20.10.1ರ ಮ್ಯಾಕ್ ವಿಳಾಸವನ್ನು ಎಆರ್‌ಪಿ ಮೂಲಕ ಕೇಳುತ್ತದೆ, `CS1` ಉತ್ತರಿಸುತ್ತದೆ.

ಹೊರಟ ಫ್ರೇಮ್‌ನಲ್ಲಿ ಎರಡು ಬಗೆಯ ವಿಳಾಸಗಳಿವೆ. ಐಪಿ ವಿಳಾಸ ಸರ್ವರ್‌ನದು, ಮ್ಯಾಕ್ ವಿಳಾಸ `CS1`ನದು. ಐಪಿ ವಿಳಾಸ ಕೊನೆಯ ಊರಿನ ಹೆಸರಾದರೆ, ಮ್ಯಾಕ್ ವಿಳಾಸ ಈಗ ಹತ್ತಬೇಕಾದ ಬಸ್ಸಿನ ಹೆಸರು. `AS1` ಮ್ಯಾಕ್ ಮಾತ್ರ ನೋಡಿ, ವಿಲ್ಯಾನ್ 10ರ ಚೀಟಿ ಅಂಟಿಸಿ, ಟ್ರಂಕ್ ಮೇಲೆ `CS1`ಗೆ ಕಳುಹಿಸುತ್ತದೆ. `CS1` ಆ ಹೊದಿಕೆಯನ್ನು ತೆಗೆದು ಐಪಿ ವಿಳಾಸ ಓದುತ್ತದೆ. 10.20.20.0/24 ತನಗೇ ನೇರವಾಗಿ ಸೇರಿದ ಸಬ್‌ನೆಟ್. ಟಿಟಿಎಲ್ ಎಂಬ ಆಯಸ್ಸಿನ ಎಣಿಕೆಯಲ್ಲಿ ಒಂದು ಕಡಿಮೆ ಮಾಡಿ, ಸರ್ವರ್‌ನ ಮ್ಯಾಕ್ ಬರೆದ ಹೊಸ ಹೊದಿಕೆ ಹಾಕಿ, ವಿಲ್ಯಾನ್ 20ರ ಚೀಟಿಯೊಂದಿಗೆ `AS2`ಗೆ ಇಳಿಸುತ್ತದೆ. `AS2` ಚೀಟಿ ಕಿತ್ತು ಸರ್ವರ್‌ಗೆ ಕೊಡುತ್ತದೆ.

ಮೊದಲ ನಡಿಗೆಗೂ ಇದಕ್ಕೂ ಕೇಬಲ್‌ಗಳ ಮಟ್ಟದಲ್ಲಿ ವ್ಯತ್ಯಾಸವೇ ಇಲ್ಲ: ಎರಡೂ `AS1`, `CS1`, `AS2`. ಆದರೆ ಮೊದಲನೆಯದರಲ್ಲಿ ಟಿಟಿಎಲ್ ಬದಲಾಗಲಿಲ್ಲ, ದಾರಿಯ ಹೆಜ್ಜೆಗಳನ್ನು ತೋರಿಸುವ `tracert` ಆದೇಶ ಹಾಕಿದರೆ ನಡುವೆ ಯಾರೂ ಕಾಣುವುದಿಲ್ಲ. ಎರಡನೆಯದರಲ್ಲಿ 10.20.10.1 ಒಂದು ಹೆಜ್ಜೆಯಾಗಿ ಕಾಣುತ್ತದೆ. ಸ್ವಿಚ್‌ಗಳು `tracert`ಗೆ ಅದೃಶ್ಯ ಎಂಬುದನ್ನು ನೆನಪಿಟ್ಟರೆ, ನಕ್ಷೆಯಲ್ಲಿ ಐದು ಪೆಟ್ಟಿಗೆಗಳಿದ್ದು ಪರದೆಯ ಮೇಲೆ ಎರಡೇ ಸಾಲು ಬಂದಾಗ ಗೊಂದಲವಾಗುವುದಿಲ್ಲ.

ಇನ್ನೊಂದು ಲಕ್ಷಣ: ಟ್ರಂಕ್‌ನಲ್ಲಿ ವಿಲ್ಯಾನ್ 20ನ್ನು ಸೇರಿಸಲು ಯಾರಾದರೂ ಮರೆತಿದ್ದರೆ, `PC1`ಗೆ 10.20.10.1 ಸಿಗುತ್ತದೆ, 10.20.20.1 ಕೂಡ ಸಿಗಬಹುದು, ಸರ್ವರ್ ಮಾತ್ರ ಸಿಗುವುದಿಲ್ಲ. ಎರಡೂ ಗೇಟ್‌ವೇಗಳು `CS1`ನ ಒಳಗೇ ಇರುವುದರಿಂದ ಆಚೆಯ ಗೇಟ್‌ವೇ ಉತ್ತರಿಸಿದ್ದು ಅದರಿಂದಾಚೆಗಿನ ಕೇಬಲ್ ಸರಿಯಿದೆ ಎಂಬುದಕ್ಕೆ ಪುರಾವೆ ಅಲ್ಲ.

## 7. ಮೂರನೇ ನಡಿಗೆ: ಶಾಖೆಯಿಂದ ಇಂಟರ್ನೆಟ್‌ಗೆ, ಮತ್ತೆ ವಾಪಸ್

ನಕ್ಷೆ ಓದುವವರು ಹೋಗುವ ದಾರಿಯನ್ನು ಮಾತ್ರ ಬೆರಳಿನಿಂದ ಗುರುತಿಸಿ ನಿಲ್ಲಿಸುತ್ತಾರೆ. ಉತ್ತರ ಮರಳಿ ಬಾರದಿದ್ದರೆ ಸಂಪರ್ಕವೇ ಇಲ್ಲ. ಮರಳುವ ದಾರಿಯನ್ನು ಪ್ರತಿ ರೂಟರ್ ಹೊಸದಾಗಿ ತನ್ನ ಟೇಬಲ್ ನೋಡಿ ತೀರ್ಮಾನಿಸುತ್ತದೆ. ಬಂದ ದಾರಿಯ ನೆನಪು ರೂಟಿಂಗ್‌ಗೆ ಇಲ್ಲ.

ಒಂದು ದೂರು ಬಂದಿದೆ ಎಂದುಕೊಳ್ಳಿ: ಶಾಖೆಯ 10.20.40.15 ಕಂಪ್ಯೂಟರ್‌ಗೆ ಸರ್ವರ್ ಸಿಗುತ್ತದೆ, ಇಂಟರ್ನೆಟ್ ಸಿಗುವುದಿಲ್ಲ. ಮುಖ್ಯ ಕಚೇರಿಯಲ್ಲಿ ಎರಡೂ ಸರಿಯಿವೆ. ನಕ್ಷೆ ತೆಗೆಯಿರಿ.

ಹೋಗುವಾಗ: `R2`ಗೆ ಗೊತ್ತಿರುವ ಹೊರದಾರಿ ಒಂದೇ, ಎಲ್ಲವನ್ನೂ 10.20.0.9ಕ್ಕೆ, ಅಂದರೆ `R1`ಗೆ ಕಳುಹಿಸುವುದು. `R1` ಅದನ್ನು 10.20.0.5ಕ್ಕೆ, `CS1`ಗೆ ಕೊಡುತ್ತದೆ. `CS1` ಟೇಬಲ್‌ನ ಬೇರಾವ ಸಾಲೂ ಹೊಂದದಿದ್ದಾಗ ಬಳಸುವ ತನ್ನ ಸಾಮಾನ್ಯ ದಾರಿಯಾದ 10.20.0.1ಕ್ಕೆ, `FW1`ಗೆ ಕೊಡುತ್ತದೆ. `FW1` ಕಳುಹಿಸಿದವರ ವಿಳಾಸವನ್ನು 203.0.113.2 ಎಂದು ಬದಲಿಸಿ ಹೊರಗೆ ಬಿಡುತ್ತದೆ. 10ರಿಂದ ಶುರುವಾಗುವ ವಿಳಾಸಗಳು ಖಾಸಗಿ ಬಳಕೆಯವು, ಇಂಟರ್ನೆಟ್‌ನಲ್ಲಿ ಅವಕ್ಕೆ ದಾರಿಯಿಲ್ಲ, ಅದಕ್ಕಾಗಿ ಈ ಬದಲಾವಣೆ.

ಬರುವಾಗ: ಉತ್ತರ 203.0.113.2ಕ್ಕೆ ಬರುತ್ತದೆ. `FW1` ತನ್ನ ದಾಖಲೆ ನೋಡಿ ವಿಳಾಸವನ್ನು ಮತ್ತೆ 10.20.40.15 ಮಾಡುತ್ತದೆ. ಈಗ ಅದನ್ನು ಎಲ್ಲಿಗೆ ಕೊಡಬೇಕು? `FW1`ಗೆ ನೇರವಾಗಿ ಸೇರಿರುವುದು ಎರಡೇ ಸಬ್‌ನೆಟ್, ಹೊರಗಿನದು ಮತ್ತು 10.20.0.0/30. ಉಳಿದ ಯಾವುದನ್ನೂ ಯಾರಾದರೂ ಹೇಳಿಕೊಡದೆ ಅದು ಅರಿಯದು. ಅದರ ಟೇಬಲ್ ಹೀಗಿದೆ:

```
0.0.0.0/0        via ISP
10.20.10.0/24    via 10.20.0.2
10.20.20.0/24    via 10.20.0.2
10.20.30.64/26   via 10.20.0.2
```

10.20.40.0/24 ಇಲ್ಲ. ಹಾಗಾಗಿ 10.20.40.15ಕ್ಕೆ ಹೊಂದುವ ಸಾಲು ಮೊದಲನೆಯದೇ, ಅಂದರೆ ಸಾಮಾನ್ಯ ದಾರಿ. ಫೈರ್‌ವಾಲ್ ಉತ್ತರವನ್ನು ಒಳಗೆ ಕಳುಹಿಸುವ ಬದಲು ಮತ್ತೆ ಹೊರಗೆ ಎಸೆಯುತ್ತದೆ, ಅಲ್ಲಿ ಅದು ಸಾಯುತ್ತದೆ. ಕೆಲವು ಫೈರ್‌ವಾಲ್‌ಗಳು ಇಷ್ಟೂ ಕಾಯುವುದಿಲ್ಲ: ಒಳಗಿನಿಂದ ಬಂದ ಪ್ಯಾಕೆಟ್‌ನ ಮೂಲ ವಿಳಾಸಕ್ಕೆ ತನ್ನ ಟೇಬಲ್‌ನಲ್ಲಿ ಒಳದಾರಿ ಇಲ್ಲದಿದ್ದರೆ ಅದನ್ನು ಬಾಗಿಲಲ್ಲೇ ಬೀಳಿಸುತ್ತವೆ. ಸರ್ವರ್ ಮಾತ್ರ ಸಿಗುತ್ತಿದ್ದುದೇಕೆ? ಸರ್ವರ್‌ಗೆ ಹೋಗುವ ದಾರಿ `CS1`ನಲ್ಲೇ ತಿರುಗುತ್ತದೆ, ಅದರ ಉತ್ತರವೂ `CS1`ನಿಂದಲೇ ಹೊರಡುತ್ತದೆ, ಮತ್ತು `CS1`ಗೆ ಶಾಖೆಯ ದಾರಿ ಗೊತ್ತಿದೆ. ಫೈರ್‌ವಾಲ್ ಆ ದಾರಿಯಲ್ಲಿ ಬರುವುದೇ ಇಲ್ಲ. ನಕ್ಷೆಯಲ್ಲಿ ಎರಡು ದಾರಿಗಳನ್ನೂ ಬರೆದು ನೋಡಿದರೆ, ಕೆಲಸ ಮಾಡುವ ದಾರಿಯಲ್ಲಿ ಇಲ್ಲದ, ಮಾಡದ ದಾರಿಯಲ್ಲಿ ಇರುವ ಒಂದೇ ಪೆಟ್ಟಿಗೆ `FW1`. ಮೊದಲು ಎಲ್ಲಿಗೆ ಲಾಗಿನ್ ಆಗಬೇಕು ಎಂಬುದಕ್ಕೆ ಅಷ್ಟೇ ಸಾಕು.

ಶಾಖೆಯಿಂದ `tracert` ಹಾಕಿದರೆ ಹೀಗೆ ಕಾಣುತ್ತದೆ:

```
tracert -d 198.51.100.7
 1   10.20.40.1
 2   10.20.0.9
 3   10.20.0.5
 4   *   *   *
```

ಪ್ರತಿ ಸಾಲನ್ನೂ ನಕ್ಷೆಯ ಮೇಲೆ ಇಟ್ಟು ನೋಡಿ. ಸಾಮಾನ್ಯವಾಗಿ ಪ್ರತಿ ರೂಟರ್ ಉತ್ತರಿಸುವುದು ಪ್ಯಾಕೆಟ್ ಒಳಬಂದ ಕಡೆಯ ವಿಳಾಸದಿಂದ. ಹಾಗಾಗಿ `R1` ಇಲ್ಲಿ .9 ಎಂದು ಕಾಣುತ್ತದೆ, .6 ಎಂದಲ್ಲ. ನಾಲ್ಕನೇ ಸಾಲಿನ ನಕ್ಷತ್ರಗಳನ್ನು ಮಾತ್ರ ನಂಬಿ ತೀರ್ಪು ಕೊಡಬೇಡಿ. ಅನೇಕ ಫೈರ್‌ವಾಲ್‌ಗಳು `tracert`ಗೆ ಉತ್ತರಿಸದಂತೆ ಇರುತ್ತವೆ. ಮುಖ್ಯ ಕಚೇರಿಯ `PC1`ನಿಂದಲೂ ಅದೇ ಆದೇಶ ಹಾಕಿ. ಅಲ್ಲಿ ಎರಡನೇ ಸಾಲಿನಲ್ಲಿ 10.20.0.1 ಬಂದು ಶಾಖೆಯಿಂದ ಮಾತ್ರ ಬಾರದಿದ್ದರೆ, ಫೈರ್‌ವಾಲ್ ಉತ್ತರಿಸಬಲ್ಲದು, ಶಾಖೆಯ ದಾರಿ ಮಾತ್ರ ಅದಕ್ಕೆ ಗೊತ್ತಿಲ್ಲ ಅಥವಾ ಅದರ ನಿಯಮದಲ್ಲಿ ಶಾಖೆಗೆ ಅನುಮತಿ ಇಲ್ಲ ಎಂದು ಖಚಿತವಾಗುತ್ತದೆ.

ಪರಿಹಾರ, ಫೈರ್‌ವಾಲ್‌ನಲ್ಲಿ 10.20.40.0/24ನ್ನು 10.20.0.2 ಕಡೆಗೆ ತೋರಿಸುವ ಒಂದು ಸಾಲು. ವಿಳಾಸ ಬದಲಿಸುವ ನಿಯಮದಲ್ಲಿಯೂ ಶಾಖೆಯ ಸಬ್‌ನೆಟ್ ಸೇರಿದೆಯೇ ಎಂದು ಅದೇ ಸಮಯದಲ್ಲಿ ನೋಡಿ, ಒಂದನ್ನು ಮರೆತವರು ಇನ್ನೊಂದನ್ನೂ ಮರೆತಿರುವುದು ಸಾಮಾನ್ಯ. ನಾಲ್ಕು ಸಾಲುಗಳ ಬದಲು 10.20.0.0/16 ಎಂಬ ಒಂದೇ ಸಾಲು ಹಾಕಿದ್ದರೆ ಈ ತೊಂದರೆ ಬರುತ್ತಲೇ ಇರಲಿಲ್ಲ. ಆದರೆ ಅದಕ್ಕೂ ಒಂದು ಬೆಲೆ ಇದೆ: ಇಲ್ಲದ ಸಬ್‌ನೆಟ್‌ಗೆ, ಉದಾಹರಣೆಗೆ 10.20.99.1ಕ್ಕೆ ಯಾರಾದರೂ ಕಳುಹಿಸಿದರೆ, ಫೈರ್‌ವಾಲ್ ಅದನ್ನು `CS1`ಗೆ ಕೊಡುತ್ತದೆ, `CS1` ತನ್ನ ಸಾಮಾನ್ಯ ದಾರಿಯಂತೆ ಫೈರ್‌ವಾಲ್‌ಗೆ ಮರಳಿಸುತ್ತದೆ. ಟಿಟಿಎಲ್ ಮುಗಿಯುವವರೆಗೆ ಪ್ಯಾಕೆಟ್ ಎರಡರ ನಡುವೆ ಚೆಂಡಿನಂತೆ ಓಡಾಡುತ್ತದೆ. `tracert`ನಲ್ಲಿ ಎರಡೇ ವಿಳಾಸಗಳು ಸರದಿಯಂತೆ ಮತ್ತೆ ಮತ್ತೆ ಬಂದರೆ ಇದೇ ಸಂಗತಿ. `CS1`ನಲ್ಲಿ 10.20.0.0/16ನ್ನು `Null0`ಗೆ ಕಳುಹಿಸುವ, ಅಂದರೆ ಅಲ್ಲೇ ಬೀಳಿಸುವ ಸಾಲು ಹಾಕಿದರೆ ಆ ಓಟ ನಿಲ್ಲುತ್ತದೆ. ನಿಜವಾಗಿ ಇರುವ ಸಬ್‌ನೆಟ್‌ಗಳಿಗೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ರೂಟರ್ ಯಾವಾಗಲೂ ಹೆಚ್ಚು ನಿಖರವಾದ, ಅಂದರೆ ಓರೆಗೆರೆಯ ನಂತರ ದೊಡ್ಡ ಸಂಖ್ಯೆಯಿರುವ ಸಾಲನ್ನೇ ಆರಿಸುತ್ತದೆ.

## 8. ನಕ್ಷೆಯನ್ನು ಯಂತ್ರಗಳ ಬಾಯಿಂದ ಕೇಳಿ

ಇಷ್ಟೂ ಓದು ನಿಂತಿರುವುದು ನಕ್ಷೆ ನಿಜ ಹೇಳುತ್ತಿದೆ ಎಂಬ ನಂಬಿಕೆಯ ಮೇಲೆ. ಅದನ್ನು ಪರೀಕ್ಷಿಸಲು ಕೇಬಲ್ ಎಳೆದು ನೋಡಬೇಕಿಲ್ಲ. ಸ್ವಿಚ್‌ಗಳು ಎಲ್ಎಲ್‌ಡಿಪಿ ಎಂಬ ಪ್ರೋಟೊಕಾಲ್ ಮೂಲಕ ನೆರೆಯವರಿಗೆ ತಮ್ಮ ಹೆಸರನ್ನೂ ಪೋರ್ಟನ್ನೂ ಹೇಳುತ್ತಿರುತ್ತವೆ, ಅದನ್ನು ಚಾಲೂ ಮಾಡಿದ್ದರೆ.

```
CS1# show lldp neighbors
Device ID   Local Intf   Port ID
AS1         Gi1/0/1      Gi1/0/24
AS2         Gi1/0/2      Gi1/0/24
R1          Gi1/0/3      Gi0/0
```

ಒಂದೊಂದು ಸಾಲೂ ನಕ್ಷೆಯ ಒಂದೊಂದು ಗೆರೆ. ನಕ್ಷೆಯಲ್ಲಿದ್ದು ಇಲ್ಲಿಲ್ಲದ್ದು ಸತ್ತ ಕೇಬಲ್ ಇರಬಹುದು, ಅಥವಾ ಈ ಪ್ರೋಟೊಕಾಲ್ ಮಾತನಾಡದ ಯಂತ್ರ ಇರಬಹುದು. ಮೇಲಿನ ಪಟ್ಟಿಯಲ್ಲಿ `FW1` ಇಲ್ಲದಿರುವುದು ಎರಡನೆಯ ಕಾರಣಕ್ಕೆ, ಬಹಳಷ್ಟು ಫೈರ್‌ವಾಲ್‌ಗಳಲ್ಲಿ ಅದನ್ನು ಬೇಕೆಂದೇ ನಿಲ್ಲಿಸಿರುತ್ತಾರೆ. ಇಲ್ಲಿದ್ದು ನಕ್ಷೆಯಲ್ಲಿಲ್ಲದ್ದು ಹೆಚ್ಚು ಚಿಂತೆಯ ವಿಷಯ: ಯಾರೋ ಹೇಳದೆ ಒಂದು ಸ್ವಿಚ್ ಸೇರಿಸಿದ್ದಾರೆ. ಹಾಗೆಯೇ ಎರಡು ಗೆರೆಗಳ ಪೋರ್ಟ್‌ಗಳು ಅದಲುಬದಲಾಗಿದ್ದರೆ ಈಗಲೇ ತಿದ್ದಿ. ಮಧ್ಯರಾತ್ರಿ ಫೋನ್‌ನಲ್ಲಿ ಯಾರಿಗಾದರೂ "ಎರಡನೇ ಪೋರ್ಟ್‌ನ ಕೇಬಲ್ ತೆಗೆಯಿರಿ" ಎಂದು ಹೇಳುವಾಗ ತಪ್ಪು ಮಹಡಿ ಕತ್ತಲಾಗುವುದು ಈ ಅದಲುಬದಲಿನಿಂದಲೇ.

ಆಮೇಲೆ ರೂಟಿಂಗ್ ಮಾಡುವ ಪ್ರತಿ ಯಂತ್ರದಲ್ಲಿ `show ip route` ಹಾಕಿ ಅಥವಾ ಆ ಯಂತ್ರಕ್ಕೆ ತಕ್ಕ ಆದೇಶ ಬಳಸಿ. ನಮ್ಮ ನಕ್ಷೆಯಲ್ಲಿ ಅಂಥವು ನಾಲ್ಕು: `FW1`, `CS1`, `R1`, `R2`. ಬಣ್ಣ ಬಳಿದ ಪ್ರತಿ ಸಬ್‌ನೆಟ್‌ಗೂ ಆ ಟೇಬಲ್‌ನಲ್ಲಿ ಒಂದು ಸಾಲು ಹೊಂದಬೇಕು, ನೇರವಾಗಿಯೋ ಸಾಮಾನ್ಯ ದಾರಿಯ ಮೂಲಕವೋ, ಮತ್ತು ಆ ಸಾಲು ಕೈ ತೋರಿಸುವ ದಿಕ್ಕಿನಲ್ಲೇ ನಕ್ಷೆಯಲ್ಲಿ ಆ ಸಬ್‌ನೆಟ್ ಇರಬೇಕು. ಪ್ರತಿ ಪೆಟ್ಟಿಗೆಯ ಪಕ್ಕದಲ್ಲಿ ಅದರ ಸಾಮಾನ್ಯ ದಾರಿಯನ್ನು ಒಂದು ಬಾಣವಾಗಿ ಬರೆಯಿರಿ. `R2`ನಿಂದ `R1`ಗೆ, `R1`ನಿಂದ `CS1`ಗೆ, `CS1`ನಿಂದ `FW1`ಗೆ, ಅಲ್ಲಿಂದ ಮೋಡಕ್ಕೆ. ಬಾಣಗಳೆಲ್ಲ ಒಂದೇ ದಿಕ್ಕಿನಲ್ಲಿ ಸಾಗಿ ಹೊರಗೆ ಹೋಗಬೇಕು. ಎರಡು ಬಾಣಗಳು ಒಂದಕ್ಕೊಂದು ಎದುರಾಗಿ ನಿಂತ ಜಾಗ ಸಿಕ್ಕರೆ, ಪ್ಯಾಕೆಟ್ ಚೆಂಡಿನಂತೆ ಓಡಾಡುವ ಜಾಗ ಅದೇ. ಪೆನ್ಸಿಲ್ ಕೆಳಗಿಡುವ ಮುನ್ನ ಮೂಲೆಯಲ್ಲಿ ಇಂದಿನ ದಿನಾಂಕ ಬರೆಯಿರಿ.